ಹನ್ನೆರಡನೇ ಸಾಲಿನ ಸೀಟು

ನರಗುಂದದಲ್ಲಿ ಯಾರಿಗಾದರೂ ಬ್ಯಾಂಕಿನ ಮೇಲೋ, ವಿಮೆಯವರ ಮೇಲೋ, ಕರೆಂಟಿನವರ ಮೇಲೋ ಸಿಟ್ಟು ಬಂತೆಂದರೆ, ಆ ಸಿಟ್ಟು ಮೊದಲು ಬಂದು ಕೂರುವುದು ಉಮಾಶ್ರೀಯ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಧಾನ್ಯದ ಪೇಟೆಯ ಗೇಟಿನ ಎದುರಿಗೇ ಅಂಗಡಿ. ಎರಡು ಕಂಪ್ಯೂಟರು, ಕಾಗದ ಸಿಕ್ಕಿಸಿಕೊಂಡು ಮುನಿಸಿಕೊಳ್ಳುವ ಒಂದು ಪ್ರಿಂಟರು, ಲಾರಿಗಳ ಧೂಳನ್ನೆಲ್ಲ ಒಳಗೇ ತಿರುಗಿಸುವ ಒಂದು ಫ್ಯಾನು. ಪಹಣಿ ತೆಗೆಯುವುದು, ಬೆಳೆವಿಮೆ ತುಂಬುವುದು, ರೈಲು ವಿಮಾನದ ಟಿಕೆಟು ಮಾಡುವುದು ಬೋರ್ಡಿನ ಮೇಲೆ ಬರೆದ ಕೆಲಸ. ಬೋರ್ಡಿನ ಮೇಲೆ ಬರೆಯದ ಕೆಲಸ ದೂರು ಬರೆಯುವುದು. ಜನ ಬೈಗುಳದಲ್ಲಿ ಹೇಳಿದ್ದನ್ನು ಆಕೆ ತಾರೀಖು, ನಂಬರು, ಪುರಾವೆ ಹಚ್ಚಿ ಮರ್ಯಾದಸ್ಥರ ಭಾಷೆಯಲ್ಲಿ ಬರೆದುಕೊಡುತ್ತಾಳೆ. ಹತ್ತು ವರ್ಷ ಪರರ ಸಿಟ್ಟನ್ನು ಟೈಪು ಮಾಡಿ ಮಾಡಿ ಆಕೆಗೆ ತನ್ನದು ಅಂತ ಒಂದು ಸಿಟ್ಟೂ ಉಳಿದಿರಲಿಲ್ಲ. ಉಳಿದದ್ದು ದಣಿವು ಒಂದೇ.

ಆದರೆ ಆ ಶ್ರಾವಣದ ಸೋಮವಾರ ಹೂವಪ್ಪ ಸಾವ್ಕಾರ ತಂದ ಸಿಟ್ಟು ಆಕೆಯ ಮೇಲೆಯೇ ಇತ್ತು.

ಹೂವಪ್ಪ ಕಡಲೆ, ಹೆಸರುಕಾಳಿನ ದಲಾಲಿ ಅಂಗಡಿಯವರು. ಅರವತ್ತಕ್ಕೆ ಎರಡು ಕಡಿಮೆ. ಆರೂಕಾಲು ಅಡಿಯ ಆಳು. ಪೇಟೆಯಲ್ಲಿ ಚೀಲದ ಸಾಲಿನ ಆಚೆ ನಿಂತರೂ ತಲೆ ಕಾಣುತ್ತದೆ. ಪೇಟೆಯ ಆರು ಮಂದಿ ವ್ಯಾಪಾರಿಗಳು ಬೇಳೆಕಾಳಿನ ಒಂದು ಸಭೆಗೆ ದಿಲ್ಲಿಗೆ ಹೊರಟಿದ್ದರು. ಹುಬ್ಬಳ್ಳಿಯಿಂದ ವಿಮಾನ. ಆರೂ ಟಿಕೆಟು ಮಾಡಿಕೊಟ್ಟವಳು ಉಮಾಶ್ರೀ. ಹೂವಪ್ಪನವರಿಗೆ ಅದೇ ಮೊದಲ ವಿಮಾನ. ಅವರ ಕಾಲು ನೋಡಿ ಆಕೆಯೇ ಹೇಳಿದ್ದಳು, "ತುರ್ತು ಬಾಗಿಲ ಕಡೆ ಸಾಲಿನ್ಯಾಗ ಜಾಗಾ ಭಾಳ ಇರ್ತದರಿ ಕಾಕಾರ. ಕಾಲು ಚಾಚಿ ಕೂಡಬಹುದು. ಬ್ಯಾರೆ ರೊಕ್ಕಾ ಹತ್ತತದ." ಹತ್ತಲಿ ಅಂದಿದ್ದರು. ಹನ್ನೆರಡನೇ ಸಾಲು, ಸಿ ಸೀಟು. ಹೋಗುವ ಮುಂಚೆ ಅದನ್ನು ಪೇಟೆಯ ತುಂಬ ಹೇಳಿಕೊಂಡೂ ಬಂದಿದ್ದರು. ಉಳಿದ ಐದು ಮಂದಿ ಮುದುಡಿಕೊಂಡು ಕೂಡುತ್ತಾರೆ, ತಾವೊಬ್ಬರು ಕಾಲು ಚಾಚಿ ದಿಲ್ಲಿ ಮುಟ್ಟುತ್ತೇವೆ ಅಂತ.

ಆದದ್ದು ತಿರುವುಮುರುವು. ಐದು ಮಂದಿ ನೋಡುತ್ತಿರುವಾಗಲೇ ವಿಮಾನದ ಹುಡುಗಿ ಬಂದು ಹೂವಪ್ಪನವರನ್ನು ಎಬ್ಬಿಸಿ, ಹಿಂದೆ ಇಪ್ಪತ್ತೇಳನೇ ಸಾಲಿನ ನಟ್ಟನಡುವಿನ ಸೀಟಿಗೆ ಕಳಿಸಿದ್ದಳು. ಅವರ ಸೀಟಿನಲ್ಲಿ ತಂದು ಕೂರಿಸಿದ್ದು ಒಬ್ಬ ಕಾಲೇಜು ಹುಡುಗಿಯನ್ನು.

"ಆಕೀ ಕಾಲು ನೆಲಕ್ಕ ಸೈತ ಮುಟ್ಟತಿದ್ದಿಲ್ಲ ತಂಗಿ!" ಹೂವಪ್ಪ ಮೇಜು ಗುದ್ದಿದರು. "ನಾ ಹಿಂದ ಎರಡ ಮಂದಿ ನಡುವ, ಮೊಣಕಾಲು ಗದ್ದಕ್ಕ ಹಚ್ಚಿಕೊಂಡು ಕುಂತೇನಿ. ಎರಡೂಮುಕ್ಕಾಲು ತಾಸು! ಇಳದ ಮ್ಯಾಲೆ ಸೊಂಟಾ ನನ್ನ ಮಾತು ಕೇಳ್ಲಿಲ್ಲ. ನೀ ಖರೇನ ಆ ಸೀಟಿಗೆ ರೊಕ್ಕಾ ಕಟ್ಟಿದ್ಯೋ ಇಲ್ಲೋ? ಅದನ್ನಷ್ಟು ಹೇಳು."

ಉಮಾಶ್ರೀ ರಸೀದಿ ತೆಗೆದು ತೋರಿಸಿದಳು. ಅವರ ಬೋರ್ಡಿಂಗ್ ಪಾಸಿನ ಮೇಲೂ 12ಸಿ ಅಂತಲೇ ಇತ್ತು. ಹೂವಪ್ಪ ಎರಡನ್ನೂ ಹಿಂದೆ ಮುಂದೆ ಮಾಡಿ ನೋಡಿದರು. ಇಂಗ್ಲಿಷ್ ಕಾಗದದ ಮೇಲೆ ಅವರಿಗೆ ಎಂದೂ ನಂಬಿಕೆಯಿಲ್ಲ.

"ಮಂದಿ ಬ್ಯಾರೇನ ಮಾತಾಡಾಕತ್ತಾರ ಮತ್ತ," ಅಂದರು, ಬಾಗಿಲ ಕಡೆ ನೋಡುತ್ತ.

ಏನು ಮಾತಾಡುತ್ತಿದ್ದಾರೆ ಅಂತ ಆಕೆಗೆ ಗೊತ್ತಿತ್ತು. ಉಮಕ್ಕ ಸೀಟಿನ ರೊಕ್ಕ ತಾನು ತಿಂದಿದ್ದಾಳೆ, ಸಾವ್ಕಾರರ ಕೈಗೆ ಬರೀ ಕಾಗದ ಕೊಟ್ಟಿದ್ದಾಳೆ. ಚಹಾದಂಗಡಿಯಲ್ಲಿ ಹುಟ್ಟಿದ ಈ ಮಾತು ಎರಡು ದಿನದಲ್ಲಿ ಹೊಳೆ ದಾಟಿ ಹೋಗಿತ್ತು. ಕೊಣ್ಣೂರಿನ ಹನ್ನೆರಡು ಮಂದಿ ಕಾಶಿಗೆ ಹೋಗುವವರು, ಆಧಾರ್ ನಕಲು ಕೂಡ ಕೊಟ್ಟು ಹೋದವರು, ನಿನ್ನೆ ಬಂದು ನಕಲು ವಾಪಸು ಇಸಿದುಕೊಂಡು ಹೋಗಿದ್ದರು. ಕಾರಣ ಕೇಳಿದರೆ, "ಹುಬ್ಬಳ್ಳ್ಯಾಗ ನಮ್ಮ ಮಂದಿ ಒಬ್ರು ಅದಾರ್ರಿ ಅಕ್ಕಾರ," ಅಂದಿದ್ದರು, ಮುಖ ನೋಡದೆ. ಇಂಥ ಅಂಗಡಿಗೆ ಕಂಪ್ಯೂಟರು ಕೆಟ್ಟರೆ ನಡೆಯುತ್ತದೆ. ಹೆಸರು ಕೆಟ್ಟರೆ ಬಾಗಿಲು ಹಾಕಬೇಕು. ಜನ ಇಲ್ಲಿ ಹೆಬ್ಬೆರಳು ಕೊಡುತ್ತಾರೆ, ಓಟಿಪಿ ಓದಿ ಹೇಳುತ್ತಾರೆ, ಓದಲು ಬಾರದ ಕಾಗದಕ್ಕೆ ಸಹಿ ಹಾಕುತ್ತಾರೆ. ಉಮಕ್ಕ ಹೇಳಿದಳು ಅಂದರೆ ಸಾಕು ಎಂಬ ಒಂದು ಮಾತಿನ ಮೇಲೆ ಆ ಅಂಗಡಿಯ ಛಾವಣಿ ನಿಂತಿತ್ತು.

"ವಿಮಾನದವ್ರಿಗೆ ಮೇಲ್ ಬರೆಯೂಣ್ರಿ," ಅಂದಳು. "ಅವ್ರ ಬಾಯಿಲೇನ ಉತ್ತರಾ ಬರ್ಲಿ. ಏನಾತು, ಮೊದಲಿಂದ ಹೇಳ್ರಿ."

ಹೂವಪ್ಪ ಹೇಳಿದರು. ಅವರ ಪ್ರಕಾರ ಏನೂ ಆಗಿರಲಿಲ್ಲ. ತಾವು ಕುಳಿತರು, ಹುಡುಗಿ ಬಂದು ಏನೇನೋ ಹಿಂದಿಯಲ್ಲಿ ಹೇಳಿದಳು, ಎಬ್ಬಿಸಿದಳು. ಅಷ್ಟೇ. "ಆ ಕಾಲೇಜ್ ಹುಡುಗಿ ಆಕೀ ಪೈಕಿ ಇರಬೇಕು. ಅದನ್ನೂ ಬರಿ. ಸುಳ್ಳಿ, ಕಳ್ಳಿ ಅಂತ ಬರಿ."

ಆಕೆ ಸುಳ್ಳಿ ಕಳ್ಳಿ ಬಿಟ್ಟು ಉಳಿದದ್ದನ್ನು ಬರೆದಳು. ಪಿಎನ್ಆರ್ ನಂಬರು, ಹಾರಿದ ತಾರೀಖು, ಸೀಟಿಗೆ ಬೇರೆಯಾಗಿ ಕಟ್ಟಿದ ಹಣ. ಪ್ರಯಾಣಿಕರಿಗೆ ಯಾವ ಕಾರಣವನ್ನೂ ತಿಳಿಸದೆ ಸೀಟನ್ನು ಮತ್ತೊಬ್ಬರಿಗೆ ಕೊಡಲಾಯಿತು, ಆ ಸಿಬ್ಬಂದಿಗೂ ಕುಳಿತವರಿಗೂ ಪರಿಚಯವಿದ್ದಂತೆ ಕಂಡಿತು, ಕಾರಣ ಬರವಣಿಗೆಯಲ್ಲಿ ತಿಳಿಸಿ, ಸೀಟಿನ ಹಣ ಮರಳಿಸಿ. ರಸೀದಿ, ಬೋರ್ಡಿಂಗ್ ಪಾಸಿನ ಫೋಟೋ ಲಗತ್ತಿಸಿದಳು. 'ಪರಿಚಯವಿದ್ದಂತೆ' ಎಂಬ ಸಾಲು ಬರೆಯುವಾಗ ಕೈ ಒಂದು ಗಳಿಗೆ ತಡೆಯಿತು. ಆದರೂ ಬರೆದಳು. ತನ್ನ ಹೆಸರು ಉಳಿಯಬೇಕಾಗಿತ್ತು, ಮತ್ತು ಆ ವಿಮಾನದ ಹುಡುಗಿ ಯಾರೋ, ಎಲ್ಲಿಯವಳೋ.

ಕಳಿಸಿದ ಮರುಕ್ಷಣ ದೂರಿನ ನಂಬರು ಹೊತ್ತ ಯಂತ್ರದ ಉತ್ತರ ಬಂತು. ಮನುಷ್ಯರ ಉತ್ತರಕ್ಕೆ ಕಾಯಬೇಕಿತ್ತು.

ಹೂವಪ್ಪ ಏಳುವಾಗ ಆಕೆ ಡ್ರಾ ಎಳೆದು ಇನ್ನೊಂದು ಕಾಗದ ತೆಗೆದಳು. "ಕಾಕಾರ, ಬ್ಯಾಂಕಿಂದು ಇದೊಂದು ಹಂಗ ಬಿದ್ದೈತ್ರಿ. ನಿಮ್ಮ ಸಹಿ ಐತಿ. ನಿಮ್ಮ ನಂತರ ರೊಕ್ಕಾ ಯಾರಿಗೆ ಅನ್ನೂದು ಖಾಲಿ ಐತಿ. ಹೆಸರು ಹೇಳಿದ್ರ ಬರಕೊಂಡು ಕೊಟ್ಟಬಿಡತೇನಿ."

ಹೂವಪ್ಪನವರ ಕೈ ನೊಣ ಓಡಿಸುವಂತೆ ಮೇಲೆದ್ದಿತು. "ಬಿಡ್ತ ಅನ್ನ ತಂಗಿ! ಸಂಜಿ ಹೊತ್ತಿನ್ಯಾಗ ಎಂಥಾ ಮಾತು ತಗೀತಿ." ಹೋಗಿಯೇಬಿಟ್ಟರು. ಎರಡು ವರ್ಷದಿಂದ ಅದೇ ಕಾಗದ, ಅದೇ ಮಾತು. ಮುಂಜಾನೆ ಕೇಳಿದರೆ ಮುಂಜಾನೆ ಹೊತ್ತು ಅನ್ನುತ್ತಿದ್ದರು. ಆಕೆ ಕಾಗದವನ್ನು ಮತ್ತೆ ಡ್ರಾದೊಳಗೆ ಇಟ್ಟಳು.

ಆ ಖಾಲಿ ಜಾಗದ ಮೇಲೆ ಆಕೆಗೆ ಯಾಕೆ ಅಷ್ಟು ಜೀವ ಅಂತ ಇಲ್ಲಿ ಹೇಳಬೇಕು. ಉಮಾಶ್ರೀ ಬೆಳವಣಕಿ ಊರಿನ ಮಗಳು. ಮದುವೆಯಾಗಿ ನರಗುಂದಕ್ಕೆ ಬಂದಾಗ ಇಪ್ಪತ್ತೊಂದು. ಗಂಡ ಬಸವಪ್ರಸಾದ ಬೀಜ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಮೆತ್ತಗಿನ ಮನುಷ್ಯ. ಒಂದು ದಿನ ವಿಮೆಯ ಏಜೆಂಟರೊಬ್ಬರು ಮನೆಗೆ ಬಂದು ಅರ್ಜಿ ತುಂಬುತ್ತ ಕೂತರು. ಎಲ್ಲ ತುಂಬಿ, "ನಿಮಗೇನರ ಆದ್ರ ರೊಕ್ಕಾ ಯಾರಿಗೆ ಬರೀಲ್ರಿ?" ಅಂತ ಕೇಳಿದರು. ಬಸವಪ್ರಸಾದ ಬಾಯಿ ತೆರೆದಿದ್ದ. ಆಗ ಚಹಾದ ತಟ್ಟೆ ಹಿಡಿದು ಒಳಗಿಂದ ಬಂದ ಉಮಾಶ್ರೀಯೇ, "ಬಿಡ್ತ ಅನ್ರಿ ಅಣ್ಣಾರ, ದೀಪಾ ಹಚ್ಚೂ ಹೊತ್ತಿನ್ಯಾಗ!" ಅಂದಳು. ಏಜೆಂಟರು ನಕ್ಕರು, ಗಂಡನೂ ನಕ್ಕ. ಆಮೇಲೆ ತುಂಬಿದರಾಯಿತು ಅಂತ ಆ ಜಾಗ ಖಾಲಿ ಬಿಟ್ಟರು. ಆ 'ಆಮೇಲೆ' ಬರಲೇ ಇಲ್ಲ. ನಾಲ್ಕು ವರ್ಷಕ್ಕೆ, ಮೂವತ್ತೇಳನೇ ವಯಸ್ಸಿಗೆ, ಎದೆನೋವು ಅಂದವನನ್ನು ದವಾಖಾನಿ ಮುಟ್ಟಿಸುವುದೂ ಆಗಲಿಲ್ಲ.

ಖಾಲಿ ಜಾಗದಲ್ಲಿ ತನ್ನ ಹೆಸರು ಇರಬೇಕಿತ್ತು ಎಂಬುದನ್ನು ರುಜುವಾತು ಮಾಡಲು ಆಕೆಗೆ ಎರಡೂವರೆ ವರ್ಷ ಹಿಡಿಯಿತು. ವಾರಸಾ ಪತ್ರ, ಕೋರ್ಟು, ವಕೀಲರು, ಪೇಪರಿನಲ್ಲಿ ನೋಟೀಸು, ಮೈದುನನ ತಕರಾರು. ಕಚೇರಿಯ ಕಟ್ಟೆಯ ಮೇಲೆ ಕಾಯುತ್ತ ಕೂತಾಗ ಪಕ್ಕದವರ ಅರ್ಜಿ ತುಂಬಿಕೊಡುವುದು ಕಲಿತಳು. ಕೊಟ್ಟಷ್ಟು ಇಸಿದುಕೊಂಡಳು. ಈ ಅಂಗಡಿ ಹುಟ್ಟಿದ್ದು ಆ ಕಟ್ಟೆಯ ಮೇಲೆ. ತನ್ನ ಬಾಯಿಂದ ಬಂದ ಒಂದು ಮಾತಿಗೆ ಇಷ್ಟು ದಂಡ ಕೊಟ್ಟವಳು ಈಗ ಪರರ ಫಾರಂನಲ್ಲಿ ಒಂದು ಗೆರೆ ಖಾಲಿ ಕಂಡರೂ ನಿದ್ದೆಗೆಡುತ್ತಾಳೆ.

ಉತ್ತರ ಬಂದದ್ದು ಒಂಬತ್ತನೇ ದಿನ. ಉಮಾಶ್ರೀ ಅದನ್ನು ಓದಿದಳು, ಎದ್ದು ಕೊಡದಿಂದ ನೀರು ಕುಡಿದು ಬಂದಳು, ಮತ್ತೆ ಓದಿದಳು.

ಬರೆದದ್ದು ಇಷ್ಟು. ತುರ್ತು ಬಾಗಿಲ ಸಾಲಿನಲ್ಲಿ ಕೂರುವವರು, ಅವಘಡವಾದರೆ ಸಿಬ್ಬಂದಿ ಹೇಳಿದಾಗ ಬಾಗಿಲು ತೆರೆಯಲು ನೆರವಾಗುತ್ತೇನೆ ಅಂತ ಬಾಯಿಬಿಟ್ಟು ಒಪ್ಪಬೇಕು. ಸುರಕ್ಷತೆಯ ನಿಯಮ ಅದು. ಒಪ್ಪದವರನ್ನು ಅಲ್ಲಿ ಕೂರಿಸುವಂತಿಲ್ಲ. ಈ ಪ್ರಯಾಣಿಕರನ್ನು ಹಿಂದಿಯಲ್ಲಿ ಎರಡು ಸಲ ಕೇಳಲಾಯಿತು. ಎರಡು ಸಲವೂ ಅವರು ಕೈ ಆಡಿಸಿ ಬೇಡವೆಂದರು. ಹಾಗಾಗಿ ಬೇರೆ ಸೀಟು ಕೊಟ್ಟು, ಒಪ್ಪಿದ ಇನ್ನೊಬ್ಬ ಪ್ರಯಾಣಿಕರನ್ನು ಅಲ್ಲಿ ಕೂರಿಸಲಾಯಿತು. ಟಿಕೆಟು ಮಾಡುವಾಗ ಈ ಷರತ್ತುಗಳನ್ನು ಒಪ್ಪಿಯೇ ಸೀಟು ಆರಿಸಿದ್ದರಿಂದ ಹಣ ಮರಳಿಸಲಾಗದು. ಕೊನೆಗೆ ಒಂದು ಸಾಲು: ತಾವು ಮಾಡಿದ ಪಕ್ಷಪಾತದ ಆರೋಪದ ಬಗ್ಗೆ ಆ ಸಿಬ್ಬಂದಿಯಿಂದ ಲಿಖಿತ ವಿವರಣೆ ಕೇಳಲಾಗಿದೆ.

ಸಮಾಧಾನವಾಗದಿದ್ದರೆ ದೂರು ನೋಡುವ ಮೇಲಿನವರಾದ ನೋಡಲ್ ಅಧಿಕಾರಿಗೆ ಬರೆಯಬಹುದು ಅಂತ ವಿಳಾಸವನ್ನೂ ಕೊಟ್ಟಿದ್ದರು.

ಆಕೆಯ ಕಣ್ಣಿಗೆ ಸೀಟು ಆರಿಸಿದ ಆ ದಿನ ಬಂತು. 12ಸಿ ಒತ್ತಿದ ಕೂಡಲೇ ಪರದೆಯ ಮೇಲೆ ಒಂದು ಚೌಕ ಎದ್ದಿತ್ತು. ಅವಘಡ, ಬಾಗಿಲು, ನೆರವು, ಒಪ್ಪಿಗೆ. ಓದಿ ಹೇಳಬೇಕು ಅಂತ ಬಾಯಿ ತೆರೆದಿದ್ದಳು. ಎದುರಿಗೆ ಹೂವಪ್ಪ ಮೊದಲ ಸಲ ಹಾರುವ ಸಂಭ್ರಮದಲ್ಲಿ ಮದುಮಗನಂತೆ ಕೂತಿದ್ದರು. ಇಂಥ ಹೊತ್ತಿನಲ್ಲಿ ವಿಮಾನ ಬೀಳುವ ಮಾತು ಯಾಕೆ ಅನ್ನಿಸಿತು. ತಾನೇ ಒಪ್ಪಿಗೆ ಒತ್ತಿಬಿಟ್ಟಳು. ಎರಡೂವರೆ ವರ್ಷ ಕೋರ್ಟಿನ ಮೆಟ್ಟಿಲು ತುಳಿದವಳು! ಕಲಿತದ್ದು ಏನು ಅಂತ ಆಕೆಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಸಂಜೆ ಹೂವಪ್ಪ ಬಂದರು. ಆಕೆ ಮೇಲ್ ಓದಿ ಹೇಳುವ ಮುಂಚೆ ಕುರ್ಚಿ ತೋರಿಸಿದಳು.

"ಕೂಡ್ರಿ ಕಾಕಾರ. ಇದು ವಿಮಾನ ಅಂತ ತಿಳ್ಕೊಳ್ರಿ. ನಾನ ಆ ಹುಡುಗಿ. ನಾ ಒಂದು ಮಾತು ಕೇಳತೇನಿ, ಆವತ್ತ ಏನ್ ಅಂದ್ರೋ ಅದನ್ನ ಅನ್ರಿ."

"ಏನ್ ನಾಟಕಾ ತಂಗಿ ಇದು?"

"ವಿಮಾನಕ್ಕ ಏನರ ಅಪಘಾತ ಆತು, ಬೆಂಕಿ ಹತ್ತಿತು ಅಂದ್ರ..."

"ಬಿಡ್ತ ಅನ್ನ!" ಹೂವಪ್ಪನವರ ಕೈ ತಾನಾಗಿ ಮೇಲೆದ್ದಿತು. "ಬ್ಯಾಡ ಬ್ಯಾಡ, ಹಂಗ ಅನಬ್ಯಾಡ!"

ಮೇಲೆದ್ದ ಕೈ ಅಲ್ಲೇ ನಿಂತಿತು. ಹೂವಪ್ಪ ತಮ್ಮ ಕೈಯನ್ನೇ ನೋಡಿದರು, ಮೆಲ್ಲಗೆ ಕೆಳಗಿಳಿಸಿದರು.

"ಹಿಂಗ ಅಂದ್ರಿ?" ಅಂದಳು.

"ಹಿಂದ್ಯಾಗ ಅಂದೆ. ಐಸಾ ಮತ್ ಬೋಲೋ ಬೇಟಿ, ನಹೀ ನಹೀ ಅಂದೆ." ದನಿ ಇಳಿದಿತ್ತು. "ಎರಡ ಸಲಾ ಅಂದೆ. ಮೊದಲನೇ ಸಲಾ ಹಾರಾವಾ, ಆ ಕೂಸು ಎಂಥಾ ಅಪಶಕುನ ಆಡತದ ಅಂತ... ಆಕೀ ಚಲೋದಕ್ಕ ಅಂದೆ ತಂಗಿ."

ಆಕೆ ಮೇಲ್ ಪೂರ್ತಿ ಕನ್ನಡದಲ್ಲಿ ಓದಿ ಹೇಳಿದಳು. ಹೂವಪ್ಪ ಮೊದಲು ಕೇಳಿದ್ದು ಇದು: "ಇದನ್ನ ಯಾರಿಗೂ ತೋರಿಸಬ್ಯಾಡ. ಪೇಟ್ಯಾಗ ನನ್ನ ಮಾರಿ ಹ್ಯಾಂಗ ತೋರಿಸ್ಲಿ? ದೊಡ್ಡ ಅಧಿಕಾರಿಗೆ ಬರಿ. ನನಗ ಯಾರೂ ಏನೂ ಕೇಳೇ ಇಲ್ಲ ಅಂತ ಬರಿ."

ಆಗ ಉಮಾಶ್ರೀಗೆ, ಎಷ್ಟೋ ವರ್ಷಗಳ ಮೇಲೆ, ತನ್ನದೇ ಸಿಟ್ಟು ಬಂತು. ಬಂದರೂ ದನಿ ಏರಿಸುವಷ್ಟು ಕಸುವು ಇರಲಿಲ್ಲ.

"ನಿಮ್ಮ ಮಾರಿ ಉಳೀಬೇಕ್ರಿ, ನನ್ನ ಹೆಸರು ಹೋದ್ರೂ ನಡೀತದೇನ್ರಿ? ಕೊಣ್ಣೂರವ್ರು ಕಾಗದಾ ಇಸಗೊಂಡು ಹೋದ್ರು. ಇವತ್ತ ಮುಂಜಾನಿಂದ ಎರಡ ಪಹಣಿ ತಗದೇನಿ, ಅಷ್ಟ. ಈ ಒಂದು ಹಾಳಿ ಗೇಟಿಗೆ ಅಂಟಿಸಿದ್ರ ಸಾಕು, ನಂದು ಸ್ವಚ್ಛ ಆಗತದ. ಆದ್ರ ನಾ ಅಂಟಸಂಗಿಲ್ರಿ. ಯಾಕಂದ್ರ ನಂದೂ ತಪ್ಪೈತಿ. ಆ ಷರತ್ತು ನನಗ ಕಂಡಿತ್ತು. ನಿಮಗ ಓದಿ ಹೇಳ್ಲಿಲ್ಲ. ನಾನೂ ಬಿಡ್ತ ಅನಕೊಂಡೇನಿ, ಮನಸಿನ್ಯಾಗ."

ಆಕೆ ಬಸವಪ್ರಸಾದನ ಅರ್ಜಿಯ ಮಾತು ಹೇಳಿದಳು. ಗಂಡ ಸತ್ತದ್ದು ಊರಿಗೆ ಗೊತ್ತಿತ್ತು, ಕೋರ್ಟಿಗೆ ಅಲೆದದ್ದೂ ಗೊತ್ತಿತ್ತು. ಆ ಜಾಗ ಖಾಲಿ ಬೀಳಲು ತಾನೇ ಕಾರಣ ಎಂಬುದನ್ನು ಆಕೆ ಯಾರ ಮುಂದೆಯೂ ಹೇಳಿರಲಿಲ್ಲ.

"ಅವ್ರು ನನ್ನ ಹೆಸರು ಹೇಳಾಕ ಬಾಯಿ ತಗದಿದ್ರು ಕಾಕಾರ. ನಾನ ಮುಚ್ಚಿಸಿದೆ."

ಪ್ರಿಂಟರು ಎರಡು ಸಲ ಮುನಿಸಿಕೊಂಡು ಮೂರನೇ ಸಲಕ್ಕೆ ವಿಮಾನದವರ ಮೇಲ್‌ನ ನಕಲು ಕೊಟ್ಟಿತು. ಆಕೆ ಅದನ್ನು ಅವರ ಕೈಗಿಟ್ಟಳು. "ಇಟ್ಟಕೊಳ್ರಿ, ಹರೀರಿ, ನಿಮಗ ಬಿಟ್ಟಿದ್ದು. ದೊಡ್ಡ ಅಧಿಕಾರಿಗೆ ಸುಳ್ಳ ಬರಿಯೂದು ನನ್ನ ಕೈಲೆ ಆಗೂದಿಲ್ರಿ. ಒಂದ ಮಾತು ಮಾತ್ರ ನಾ ಇವತ್ತ ಬರೀಬೇಕು. ಆ ಹುಡುಗಿ ಮ್ಯಾಲೆ ನಾವು ಹಾಕಿದ್ದು ತಗೀಬೇಕು. ಆಕೀದೂ ನನ್ನಂಗ ಹೊಟ್ಟೀಪಾಡು. ನಮ್ಮ ಒಂದ ಸಾಲಿನಿಂದ ಆಕೀ ಈಗ ಜವಾಬು ಬರಕೋತ ಕುಂತಿರ್ತಾಳ."

ಹೂವಪ್ಪ ಕಾಗದ ನಾಲ್ಕು ಮಡಿಕೆ ಮಾಡಿ ಕಿಸೆಗಿಟ್ಟರು. "ಬರಿ," ಅಂದರು. ಮೆಟ್ಟಿಲು ಇಳಿಯುವಾಗ ಬಾಗಿಲ ಚೌಕಟ್ಟು ಹಣೆಗೆ ಬಡಿಯಿತು. ಯಾವಾಗಲೂ ಬಗ್ಗುತ್ತಿದ್ದವರು ಅಂದು ಮರೆತಿದ್ದರು.

ಎರಡನೇ ಮೇಲ್ ಆರು ಸಾಲಿನದು. ಸಿಬ್ಬಂದಿ ಕೇಳಿದ್ದು ನಿಜ. ನಮ್ಮ ಕಡೆ ಕೆಟ್ಟ ಮಾತು ಕಿವಿಗೆ ಬಿದ್ದರೆ ಅದು ಫಲಿಸದಿರಲಿ ಅಂತ ಕೈ ಆಡಿಸಿ ಬೇಡ ಅನ್ನುವ ರೂಢಿಯಿದೆ, ಪ್ರಯಾಣಿಕರು ಹಾಗೆ ಅಂದರು, ಅದು ನಿರಾಕರಣೆಯಂತೆ ಕಂಡಿತು. ಷರತ್ತನ್ನು ಅವರಿಗೆ ಓದಿ ಹೇಳದೆ ಒಪ್ಪಿಗೆ ಒತ್ತಿದ್ದು ಟಿಕೆಟು ಮಾಡಿದ ನನ್ನ ತಪ್ಪು. ಪಕ್ಷಪಾತದ ಆರೋಪ ಹಿಂತೆಗೆದುಕೊಳ್ಳುತ್ತೇವೆ. ಆ ಸಿಬ್ಬಂದಿಯ ಕ್ಷಮೆ ಕೇಳುತ್ತೇವೆ. ಹಣ ಬೇಡ. ಹತ್ತು ವರ್ಷದಲ್ಲಿ ಆಕೆ ದೂರಿನ ವಿಳಾಸಕ್ಕೆ ಕಳಿಸಿದ ಮೊದಲ ಕ್ಷಮಾಪಣೆ ಅದು. ಕಳಿಸಿ, ಬೀಗ ಹಾಕಿ, ಹೆಸರಿನ ಚಿಂತೆಯನ್ನು ಹೊತ್ತುಕೊಂಡೇ ಮನೆಗೆ ಹೋದಳು.

ಮೂರು ದಿನ ಅಂಗಡಿ ಖಾಲಿಯೇ ಇತ್ತು. ನಾಲ್ಕನೇ ದಿನ ಮುಂಜಾನೆ ಕೊಣ್ಣೂರಿನವರಲ್ಲಿ ಇಬ್ಬರು ಆಧಾರ್ ನಕಲಿನ ಚೀಲ ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಿದ್ದರು.

"ನಿನ್ನೆ ಪೇಟ್ಯಾಗ ಕಾಳಿನ ಸವಾಲು ಕೂಗೂ ಹೊತ್ತಿನ್ಯಾಗ ಹೂವಪ್ಪ ಸಾವ್ಕಾರ್ರು ಚೀಲದ ಮ್ಯಾಲೆ ನಿಂತು ಹೇಳಿದ್ರರಿ ಅಕ್ಕಾರ," ಅಂದ ಒಬ್ಬ. "ಕಾಗದಾ ಕೈಯಾಗ ಹಿಡ್ಕೊಂಡು. ತಪ್ಪು ನಂದು, ಉಮಾಶ್ರೀ ಪೈಸೆ ಮುಟ್ಟಿಲ್ಲ, ಆಕೀ ಮ್ಯಾಲೆ ಮಾತಾಡಿದವ್ರು ಬಾಯಿ ತೊಳಕೊಳ್ರಿ ಅಂತ. ಮಂದಿ ಏನ್ ನಕ್ಕರ್ರಿ! ಅವ್ರೂ ನಿಂತು ನಗಿಸಿಕೊಂಡ್ರು."

ಉಮಾಶ್ರೀ ಬೀಗ ತೆಗೆದಳು. ಕಣ್ಣಿಗೆ ಧೂಳು ಬಿತ್ತು ಅಂತ ಸೆರಗಿನಿಂದ ಒರೆಸಿಕೊಂಡಳು. ಧೂಳು ಅಲ್ಲಿ ಇದ್ದೇ ಇರುತ್ತದೆ, ಆದರೆ ಅದು ಧೂಳಲ್ಲ. ಹನ್ನೆರಡು ಮಂದಿಯ ಹೆಸರು ತುಂಬಿದಳು. ಈ ಸಲ ಪರದೆಯ ಮೇಲೆ ಎದ್ದ ಪ್ರತಿ ಚೌಕವನ್ನೂ ಗಟ್ಟಿಯಾಗಿ ಓದಿ ಹೇಳಿದಳು. ಅವರು ಬೇಸತ್ತು ಆಕಳಿಸಿದರೂ ಬಿಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹೂವಪ್ಪ ಬಂದರು. ಹಣೆಯ ಮೇಲಿನ ಬಾವು ಇನ್ನೂ ಇಳಿದಿರಲಿಲ್ಲ. ಹಿಂದೆ ಅವರ ಹೆಂಡತಿ ಗೌರವ್ವ. ಇಬ್ಬರೂ ಕೂತರು. ಪೇಟೆಯ ಮಾತು ಯಾರೂ ಎತ್ತಲಿಲ್ಲ.

"ತಗೀ ಆ ಕಾಗದಾ," ಅಂದರು ಹೂವಪ್ಪ.

ಆಕೆ ಡ್ರಾ ಎಳೆದಳು. ಕಾಗದವನ್ನು ಅವರ ಮುಂದೆ ಇಟ್ಟು, ಪೆನ್ನು ತೆರೆದು, ಓದಬೇಕಾದ್ದನ್ನು ಓದಿದಳು. "ಖಾತೇದಾರರು ತೀರಿಕೊಂಡ ಮ್ಯಾಲೆ ಹಣ ಯಾರಿಗೆ ಸಲ್ಲಬೇಕು?"

ಗೌರವ್ವ ಬೆಚ್ಚಿ ಬಾಯಿ ತೆರೆದರು. ಹೂವಪ್ಪನವರ ಕೈ ಮೇಜಿನ ಮೇಲಿಂದ ಒಂದು ಗೇಣು ಮೇಲೆದ್ದಿತು. ಆ ಕೈ ಹೋಗಿ ಗೌರವ್ವನ ಮೊಣಕೈ ಮೇಲೆ ಕೂತಿತು.

"ಗೌರವ್ವ," ಅಂದರು. "ಹೆಂಡತಿ. ವಯಸ್ಸು ಐವತ್ತನಾಲ್ಕು. ಬರಿ ತಂಗಿ."

ಉಮಾಶ್ರೀ ಬರೆದಳು. ಗೆರೆ ತುಂಬಿತು. ಹೊರಗೆ ದೀಪಗಳು ಹತ್ತುತ್ತಿದ್ದವು, ಒಳಗೆ ಮೂವರಲ್ಲಿ ಯಾರೂ ಬಿಡ್ತ ಅನ್ನಲಿಲ್ಲ.